ಜಂಬಕ್ಕ ಬದುಕಿದ್ದಾಳೆ ಎಂಬ ಅರ್ಜಿ

ಹರಪನಹಳ್ಳಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಹೆಸರಿಗೆ ಆನ್‌ಲೈನ್. ಅರ್ಧ ದಿನ ಕರೆಂಟ್ ಇರುವುದಿಲ್ಲ, ಇನ್ನರ್ಧ ದಿನ ಸರ್ವರ್ ಇರುವುದಿಲ್ಲ, ಉಳಿದ ಹೊತ್ತಿನಲ್ಲಿ ನನಗೆ ತಾಳ್ಮೆ ಇರುವುದಿಲ್ಲ. ಪಹಣಿ ಬೇಕೆಂದು ಬಂದವರು ಸರ್ವೆ ನಂಬರ್ ಮನೆಯಲ್ಲಿ ಬಿಟ್ಟು ಬರುತ್ತಾರೆ. ಓಟಿಪಿ ಬರುವ ಫೋನು ಹೊಲಕ್ಕೆ ಹೋದ ಮಗನ ಜೇಬಿನಲ್ಲಿ ಇರುತ್ತದೆ. ಯಶೋಧಕ್ಕನ ಬಾಯಿ ಜೋರು ಎಂದು ಹೊರಗೆ ಆಡಿಕೊಳ್ಳುವವರೇ ಮರುದಿನ ಮತ್ತೆ ನನ್ನ ಬಾಗಿಲಿಗೆ ಬರುತ್ತಾರೆ.

ದೀಪಾವಳಿ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಚಿಗಟೇರಿಯ ಜಂಬಕ್ಕ ಬಂದಳು. ಸುತ್ತಲಿನ ಊರುಗಳಲ್ಲಿ ಮದುಮಗಳಿಗೆ ಮೇಕಪ್ ಮಾಡುವವಳು. ನನ್ನ ನಾದಿನಿಗೂ ಅವಳೇ ಮಾಡಿದ್ದಳು. ಈ ಕೆಲಸದ ಹುಡುಗಿಯರೆಲ್ಲ ತಮ್ಮ ಪೇಜುಗಳಿಗೆ ರಾಣಿ, ಏಂಜಲ್, ಗ್ಲೋ ಎಂದೆಲ್ಲ ಹೆಸರಿಟ್ಟುಕೊಂಡರೆ ಇವಳದು ಮಾತ್ರ ಅಜ್ಜಿಯ ಕಾಲದ ಹೆಸರು. ಬದಲಿಸಿಕೊಳ್ಳಬಾರದೇ ಎಂದು ನಾನೇ ಒಮ್ಮೆ ಕೀಟಲೆ ಮಾಡಿದ್ದೆ. ಅವ್ವ ಬಿಡುವುದಿಲ್ಲ ಎಂದಿದ್ದಳು.

ಆ ದಿನ ಅವಳು ಕುರ್ಚಿಯ ತುದಿಯಲ್ಲಿ ಕೂತು, ನೀರು ಬೇಕೇ ಎಂದರೂ ಬೇಡವೆಂದು, ನೇರವಾಗಿ ಹೇಳಿದಳು.

"ಅಕ್ಕಾರ, ನಾನು ಸತ್ತೀನಂತ. ಬದುಕೀನಿ ಅಂತ ಒಂದು ಅರ್ಜಿ ಬರ್ಕೊಡ್ರಿ."

ಹೆಂಡತಿ ಸತ್ತಳೆಂದು ಬರೆಸಿ ಪಿಂಚಣಿ ಎತ್ತಿದವರನ್ನು ನಾನು ಕಂಡಿದ್ದೇನೆ. ಇದೂ ಅಂಥದ್ದೇ ಏನೋ ಎಂದುಕೊಂಡೆ. ಅಲ್ಲ. ಮೇಕಪ್ಪಿನ ಫೋಟೋ ಹಾಕುವ ಆ್ಯಪನ್ನು ಅವಳ ಫೋನಿನಲ್ಲಿ ತೆರೆದರೆ ಬೂದು ಬಣ್ಣದ ಪರದೆಯ ಮೇಲೆ ಒಂದು ಸಂದೇಶ: ಈ ಖಾತೆಯ ಮಾಲೀಕರು ನಿಧನರಾಗಿರುವುದಾಗಿ ನಮಗೆ ಮಾಹಿತಿ ಬಂದಿದೆ, ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ, ಇನ್ನು ಯಾರೂ ಲಾಗಿನ್ ಆಗುವಂತಿಲ್ಲ. ನನ್ನ ಫೋನಿನಿಂದ ಅವಳ ಪೇಜಿಗೆ ಹೋದೆ. ಹೆಸರಿನ ಮೇಲೆ 'ಸ್ಮರಣಾರ್ಥ' ಎಂದಿತ್ತು. ಅದರ ಕೆಳಗೆ ಅವಳು ಸಿಂಗರಿಸಿದ ಮದುಮಕ್ಕಳು ಸಾಲಾಗಿ ನಗುತ್ತಿದ್ದರು. ಒಬ್ಬೊಬ್ಬಳ ಕೆಳಗೂ ಓಂ ಶಾಂತಿ, ಕೈ ಮುಗಿದ ಚಿತ್ರ, ಮತ್ತೆ ಓಂ ಶಾಂತಿ. ಹಡಗಲಿಯ ಒಬ್ಬಳು, ನನ್ನ ಮದುವೆಯ ದಿನ ಎಷ್ಟು ನಗಿಸಿದ್ದೆ ಅಕ್ಕಾ, ಇಷ್ಟು ಬೇಗ ಹೋಗಿಬಿಟ್ಟೆಯಾ ಎಂದು ಬರೆದಿದ್ದಳು.

ಜಂಬಕ್ಕ ಅದನ್ನೆಲ್ಲ ನೆರೆಮನೆಯವರ ಫೋನಿನಲ್ಲೋ ಗೆಳತಿಯ ಫೋನಿನಲ್ಲೋ ಓದುತ್ತ ಕೂರುತ್ತಿದ್ದಳಂತೆ. "ಓದ್ತಾ ಓದ್ತಾ ನನಗೂ ಅಳು ಬಂತ್ರಿ," ಎಂದಳು. "ಯಾರೋ ಪಾಪ, ಚಲೋ ಹುಡುಗಿ, ಸಣ್ಣ ವಯಸ್ಸಿನಾಗ ಹೋದ್ಲು ಅನಿಸ್ತು."

ನಾನು ನಗಲು ಹೋಗಿ ನಿಲ್ಲಿಸಿದೆ. ಅವಳ ಮುಖದಲ್ಲಿ ನಗುವಿರಲಿಲ್ಲ.

ಅನ್ನಕ್ಕೆ ಕಲ್ಲು ಬಿದ್ದಿತ್ತು. ಅವಳಿಗೆ ಗಿರಾಕಿಗಳೆಲ್ಲ ಸಿಗುವುದು ಆ ಪೇಜಿನಿಂದಲೇ. ಕಾರ್ತಿಕದ ಲಗ್ನಗಳಿಗೆ ಮೊದಲೇ ಹೇಳಿಟ್ಟಿದ್ದವರು ಒಬ್ಬೊಬ್ಬರಾಗಿ ಬೇಡ ಎನ್ನತೊಡಗಿದ್ದರು. ಅವಳು ಬದುಕಿರುವುದು ಅವರಿಗೆ ಗೊತ್ತಿಲ್ಲವೆಂದಲ್ಲ. ಫೋನಿನಲ್ಲಿ ಅವಳೊಂದಿಗೇ ಮಾತಾಡಿ ಅವಳಿಗೇ ಬೇಡ ಎನ್ನುತ್ತಿದ್ದರು. ತೆಲಿಗಿಯ ಒಬ್ಬ ಮದುಮಗಳ ಅತ್ತೆಯಂತೂ, ತಪ್ಪು ತಿಳ್ಕೋಬ್ಯಾಡವ್ವ, ಸತ್ತಾಕಿ ಕೈಲೆ ಬಾಸಿಂಗ ಕಟ್ಟಿಸ್ಕೊಂಡಂಗ ಆಗ್ತೈತಿ ಎಂದು ಮುಖದ ಮೇಲೆ ಹೊಡೆದಂತೆ ಹೇಳಿದ್ದಳು. ಮದುವೆ ಮನೆಯಲ್ಲಿ ಸೀನಿದರೂ ಒಂದು ಗಳಿಗೆ ಕೂರುವ ಜನ ನಾವು. ಈ ವರ್ಷದ ಲಗ್ನಗಳು ಕೈತಪ್ಪಿದರೆ ಆಮೇಲೆ ಅವಳನ್ನು ಯಾರೂ ಕರೆಯುವುದಿಲ್ಲ ಎಂಬುದು ನನಗೂ ಅರ್ಥವಾಯಿತು.

ಅವಳು ತಾನೇ ಆಗಲೇ ಹಲವು ಸಲ ಮೇಲ್ಮನವಿ ಕಳಿಸಿದ್ದಳು. ತೋರಿಸು ಎಂದೆ. ಒಂದರಲ್ಲಿ ಆಧಾರ್ ಕಾರ್ಡಿನ ಅರ್ಧಭಾಗ ಅವಳ ಹೆಬ್ಬೆರಳಿನ ಕೆಳಗಿತ್ತು. ಇನ್ನೊಂದರಲ್ಲಿ ಲ್ಯಾಮಿನೇಷನ್ ಮೇಲೆ ಬೆಳಕು ಬಿದ್ದು ಮುಖವೇ ಬಿಳಿಯಾಗಿತ್ತು. ಮತ್ತೊಂದರಲ್ಲಿ ಕಾರ್ಡೇ ಇಲ್ಲ, ನಿಮಗೆ ಒಳ್ಳೆಯದಾಗುವುದಿಲ್ಲ ಎಂಬ ಶಾಪ ಮಾತ್ರ ಇತ್ತು. ನಾನು ಬೈದೆ. ಆ ಕಡೆ ಮೊದಲು ನೋಡುವುದು ಯಂತ್ರ, ಅದನ್ನು ದಾಟಿದರೆ ಒಬ್ಬ ಮನುಷ್ಯ. ಅವನಿಗೆ ಚಿಗಟೇರಿಯೂ ಗೊತ್ತಿಲ್ಲ, ನೀನೂ ಗೊತ್ತಿಲ್ಲ. ಒಂದೆರಡು ನಿಮಿಷದಲ್ಲಿ ನಿನ್ನದನ್ನು ಮುಗಿಸಿ ಮುಂದಿನದಕ್ಕೆ ಹೋಗುತ್ತಾನೆ. ನೀನು ಯಾರು, ಏನಾಗಿದೆ, ಅದು ಯಾಕೆ ತಪ್ಪು, ಪುರಾವೆ ಏನು, ಏನು ಮಾಡಬೇಕು, ಇಷ್ಟನ್ನೇ ಬರೆಯಬೇಕು. ಅಳುವುದೂ ಬೇಡ, ಶಪಿಸುವುದೂ ಬೇಡ.

ಆಧಾರ್ ಜಾಲತಾಣದಿಂದ ಮೊದಲ ಎಂಟು ಅಂಕಿ ಮರೆಯಾಗಿರುವ ಪ್ರತಿಯನ್ನು ಇಳಿಸಿದೆ. ಮತದಾರರ ಚೀಟಿಯನ್ನು ಕಪ್ಪು ಬಟ್ಟೆಯ ಮೇಲಿಟ್ಟು ನಾಲ್ಕೂ ಮೂಲೆ ಕಾಣುವಂತೆ ಫೋಟೋ ತೆಗೆದೆ. ಆಧಾರ್‌ನಲ್ಲಿ ಹುಟ್ಟಿದ ದಿನ ಆಗಸ್ಟ್ ಒಂಬತ್ತು, 1997 ಎಂದಿತ್ತು. ಅದನ್ನು ಕಂಡು ಖುಷಿಯಾಯಿತು. ನಮ್ಮ ಕಡೆ ಹೆಡ್‌ಮಾಸ್ತರರ ಕೃಪೆಯಿಂದ ಅರ್ಧ ತಾಲ್ಲೂಕು ಜೂನ್ ಒಂದಕ್ಕೇ ಹುಟ್ಟಿದೆ. ನಿಮ್ಮ ಮನೆಯಲ್ಲಿ ಯಾರೋ ಬುದ್ಧಿವಂತರು ನಿಜವಾದ ದಿನ ಬರೆಸಿದ್ದಾರೆ ಎಂದೆ. ಅವಳ ಮುಖ ಅಷ್ಟು ವಯಸ್ಸು ಹೇಳುತ್ತಿರಲಿಲ್ಲ. ಮೇಕಪ್ಪಿನವಳಲ್ಲವೇ, ಇರಲಿ ಎಂದುಕೊಂಡೆ.

ಚಿಕ್ಕದಾಗಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಖಾತೆಗೆ ಜೋಡಿಸಿದ ಅದೇ ಫೋನ್ ನಂಬರ್ ಕೊಟ್ಟು ಕಳಿಸಿದೆವು. ಎರಡು ದಿನ ಬಿಟ್ಟು ಉತ್ತರ ಬಂತು. ಖಾತೆಯ ಹೆಸರು, ಊರು, ಜನ್ಮ ದಿನಾಂಕ ಮತ್ತು ಫೋಟೋ ನಮಗೆ ಬಂದಿರುವ ನಿಧನದ ದಾಖಲೆಗೆ ಹೊಂದುತ್ತವೆ. ಗುರುತಿನ ಚೀಟಿ ಒಂದರಿಂದಲೇ ನಿರ್ಧಾರ ಬದಲಿಸಲಾಗದು. ಕೊನೆಗೊಂದು ಪ್ರಕರಣದ ಸಂಖ್ಯೆ.

ಅವರು ಹೇಳುವುದರಲ್ಲೂ ಅರ್ಥವಿತ್ತು. ಸತ್ತವರ ಆಧಾರ್ ಕಾರ್ಡು ಅವರ ಜೊತೆ ಸುಟ್ಟುಹೋಗುವುದಿಲ್ಲ. ಮನೆಯಲ್ಲಿ ಉಳಿದ ಯಾರು ಬೇಕಾದರೂ ಅದನ್ನು ಕಳಿಸಿ, ನಾನೇ ಅವಳು ಎನ್ನಬಹುದು. ನನಗೆ ಅರ್ಥವಾಗದ್ದು ಬೇರೆ. ಬದುಕಿರುವವಳ ನಿಧನದ ದಾಖಲೆ ಎಲ್ಲಿಂದ ಬಂತು?

ಇದನ್ನು ಕೇಳಿದಾಗ ಜಂಬಕ್ಕ ಕೈಬಳೆಗಳನ್ನು ತಿರುಗಿಸುತ್ತ ಕೂತಳು. ಆಮೇಲೆ ಮೆಲ್ಲಗೆ ತನ್ನ ಫೋನಿನಲ್ಲಿ ಒಂದು ಚಿತ್ರ ತೆಗೆದು ನನ್ನ ಮುಂದಿಟ್ಟಳು. ಪುಣ್ಯಸ್ಮರಣೆಯ ಕಾರ್ಡು. ನಡುವೆ ಎರಡು ಮೂರು ವರ್ಷದ ಕೂಸು, ಸುತ್ತ ಹೂವಿನ ಬಳ್ಳಿ, ಎರಡು ದೀಪ. 'ಕುಮಾರಿ ಜಂಬಕ್ಕ, ಚಿಗಟೇರಿ. ಜನನ: 9-8-1997. ಮಹಾಲಯ ಅಮಾವಾಸ್ಯೆಯ ಎಡೆ.' ತೀರಿಹೋದ ವರ್ಷ ಎಲ್ಲೂ ಇರಲಿಲ್ಲ.

ಅವಳ ಸೋದರಮಾವನ ಮಗ ಮಾರೇಶ್ ಕೊಟ್ಟೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾನೆ. ಅವ್ವ ಹೇಳಿದಳೆಂದು ಈ ಸಲ ಅವನೇ ಕಾರ್ಡು ಮಾಡಿ, ಚೆಂದ ಬಂದಿದೆಯೆಂದು ತನ್ನ ಖಾತೆಯಲ್ಲಿ ಹಾಕಿ, ಜಂಬಕ್ಕನ ಪೇಜನ್ನು ಟ್ಯಾಗ್ ಮಾಡಿದ್ದ. ಅದನ್ನು ಕಂಡ ಯಾರೋ ಪುಣ್ಯಾತ್ಮರು ಮೇಕಪ್ ಜಂಬಕ್ಕನೇ ತೀರಿಕೊಂಡಳೆಂದು ನಂಬಿ, ಕಾರ್ಡನ್ನೇ ಪುರಾವೆಯಾಗಿ ಕಳಿಸಿ ವರದಿ ಮಾಡಿದ್ದರು. ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ. ಸತ್ತವಳ ಖಾತೆಗೆ ಯಾರೂ ನುಗ್ಗದಿರಲಿ ಎಂದೇ ಮಾಡಿದ್ದು.

ಸತ್ತವಳು ಯಾರು ಎಂದು ಕೇಳಿದೆ. ನನ್ನ ಅಕ್ಕ ಎಂದಳು. ಅವಳ ಹೆಸರು? ಜಂಬಕ್ಕ. ಫೋಟೋ? ಅದು ನನ್ನದು, ಅಕ್ಕನದು ಒಂದೂ ಇಲ್ಲ, ಅದಕ್ಕೆ ಅವ್ವ ನನ್ನ ಅಂಗನವಾಡಿ ಫೋಟೋನೇ ಕಟ್ಟು ಹಾಕಿಸಿ ಹೂ ಏರಿಸುತ್ತಾಳೆ ಎಂದಳು. ಹಿಂದೊಮ್ಮೆ ಅದೇ ಫೋಟೋವನ್ನು, ಸಣ್ಣವಳಿದ್ದಾಗ ನಾನು ಎಂದು ತನ್ನ ಪೇಜಿನಲ್ಲೂ ಹಾಕಿದ್ದಳಂತೆ. ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ರೇಗಿದೆ. ಅದು ಮನೆಯ ವಿಷಯ, ಬುದ್ಧಿ ಬಂದಾಗಿನಿಂದ ಗೋಡೆಯ ಮೇಲೆ ಹಾಗೇ ಇದೆ, ಹೇಳುವಂಥದ್ದು ಎಂದು ಹೊಳೆಯಲೇ ಇಲ್ಲ ಎಂದಳು.

ನಾನು ಆಧಾರ್ ಪ್ರತಿಯನ್ನೂ ಫೋನನ್ನೂ ಅಕ್ಕಪಕ್ಕ ಇಟ್ಟೆ. ಹೆಸರು ಒಂದೇ ಇರಬಹುದು, ಫೋಟೋ ಒಂದೇ ಇರಬಹುದು. ಇಬ್ಬರಿಗೂ ಹುಟ್ಟಿದ ದಿನ ಒಂದೇ ಇರುವುದು ಹೇಗೆ?

"ಮಾರೇಶ ನಂದು ಹಾಕ್ಯಾನೇನೋ," ಎಂದಳು. ಹೇಳುತ್ತಿದ್ದ ಹಾಗೇ ಅವಳ ದನಿ ಇಳಿಯಿತು.

ಭಾನುವಾರ ಅಂಗಡಿ ಮುಚ್ಚಿ ಅವಳ ಜೊತೆ ಚಿಗಟೇರಿಗೆ ಹೋದೆ. ಬೇರೆಯವರಿಗಾದರೆ ಹೋಗುತ್ತಿರಲಿಲ್ಲ. ಅರ್ಜಿ ಬರೆಯುವವಳಿಗೆ ಸಂಗತಿ ಪೂರ್ತಿ ತಿಳಿಯದಿದ್ದರೆ ಅರ್ಜಿ ನಿಲ್ಲುವುದಿಲ್ಲ ಎಂದು ನನಗೇ ನಾನು ಹೇಳಿಕೊಂಡೆ. ನಿಜವೆಂದರೆ ಆ ಕಾರ್ಡಿನ ಕೂಸು ನನ್ನ ತಲೆಯಿಂದ ಇಳಿದಿರಲಿಲ್ಲ.

ಅಂಗಳದ ತುಂಬ ಮೆಕ್ಕೆಜೋಳ ಹರವಿತ್ತು. ಜಂಬಕ್ಕನ ಅವ್ವ ಗಿಡ್ಡಮ್ಮ ಕಾಲಿನಿಂದ ಅದನ್ನು ಸಾಲು ಬಿಡಿಸುತ್ತಿದ್ದವರು ಒಳಗೆ ಬಂದು ಚಾಪೆ ಹಾಕಿದರು. ದೇವರ ಜಗಲಿಯ ಪಕ್ಕದ ಗೋಡೆಯಲ್ಲಿ ಆ ಫೋಟೋ ಇತ್ತು. ಕುಂಕುಮ, ಒಣಗಿದ ಚೆಂಡುಹೂವಿನ ಹಾರ. ಜಂಬಕ್ಕ ನೀರಿನ ತಂಬಿಗೆ ಹಿಡಿದು ತನ್ನದೇ ಫೋಟೋದ ಕೆಳಗೆ ಹಾದು ಬಂದಳು. ಕೂಸಿನ ಮುಖದಲ್ಲಿದ್ದ ಅದೇ ಅಗಲವಾದ ಹಣೆ, ಅದೇ ಹುಬ್ಬು. ನಾನು ದೆವ್ವ ಭೂತ ನಂಬುವವಳಲ್ಲ, ಅಮಾವಾಸ್ಯೆ ದಿನ ನಡುಬೀದಿಯ ನಿಂಬೆಹಣ್ಣು ದಾಟಿಕೊಂಡೇ ಹೋಗುವವಳು. ಆದರೂ ಆ ಹೊತ್ತು ನನಗೆ ಹೆದರಿಕೆಯಾಯಿತು. ತಂಬಿಗೆ ತೆಗೆದುಕೊಳ್ಳುವಾಗ ಅವಳ ಬೆರಳು ಬೆಚ್ಚಗಿದೆಯೋ ಇಲ್ಲವೋ ಎಂದು ನೋಡಿದೆ.

ಬೆಚ್ಚಗೇ ಇತ್ತು.

ಕಾರ್ಡಿನಲ್ಲಿ ಬರೆಸಿದ ತಾರೀಖು ಯಾರದು ಎಂದು ಗಿಡ್ಡಮ್ಮನವರನ್ನು ಕೇಳಿದೆ. ಅವರು ತಡವರಿಸಲಿಲ್ಲ. ದೊಡ್ಡಾಕಿಯದು ಎಂದರು. ದೊಡ್ಡಾಕಿ ಹರಪನಹಳ್ಳಿ ಆಸ್ಪತ್ರೆಯಲ್ಲಿ ಹುಟ್ಟಿದ್ದರಿಂದ ಕಾಗದ ಕೊಟ್ಟಿದ್ದರು. ಈಕೆ ಮನೆಯಲ್ಲೇ ಹುಟ್ಟಿದವಳು, ಕಾಗದವಿಲ್ಲ. ಸಾಲೆಗೆ ಹಾಕುವಾಗ ಕಾಗದ ಕೇಳಿದರು, ಇದ್ದದ್ದನ್ನು ಕೊಟ್ಟೆವು. ಹೆಸರು ಅದೇ, ಅಪ್ಪನ ಹೆಸರು ಅದೇ. ಮಾಸ್ತರು ಬರೆದುಕೊಂಡರು. ಅದೇ ಮುಂದೆ ಮಾರ್ಕ್ಸ್ ಕಾರ್ಡಿಗೆ ಹೋಯಿತು, ಅಲ್ಲಿಂದ ಆಧಾರ್‌ಗೆ.

ಹಾಗಾದರೆ ದೊಡ್ಡವಳು ತೀರಿಹೋದದ್ದನ್ನು ಪಂಚಾಯತಿಯಲ್ಲಿ ಬರೆಸಿದ್ದೀರಾ ಎಂದೆ. ಎರಡು ವರ್ಷದ ಕೂಸು ಜ್ವರ ಬಂದು ಹೋದರೆ ಯಾರು ಬರೆಸುತ್ತಾರೆ ಎಂದರು.

ಜಂಬಕ್ಕ ಗೋಡೆಗೊರಗಿ ನಿಂತಿದ್ದಳು. ಪ್ರತಿ ಆಗಸ್ಟಿನಲ್ಲಿ ಕೇಕು ಕೊಯ್ದು, ಪೇಜಿನ ತುಂಬ ಶುಭಾಶಯ ಪಡೆದವಳು. ನನ್ನ ದಿನ ಯಾವುದು ಹಾಗಾದರೆ ಎಂದು ಅವ್ವನನ್ನು ಕೇಳಿದಳು. ಜೋಳದ ಹಸಿ ತೆನೆ ಕೊಯ್ದು ಸೀತನಿ ಸುಡುವ ಕಾಲ, ಅಷ್ಟು ನೆನಪಿದೆ ಎಂದರು ಗಿಡ್ಡಮ್ಮ. ಸರ್ಕಾರದ ಲೆಕ್ಕದಲ್ಲಿ ಒಬ್ಬ ಜಂಬಕ್ಕ ಹುಟ್ಟಿದ್ದಾಳೆ, ಅವಳು ಸತ್ತಿಲ್ಲ. ಸತ್ತವಳು ಕಾಗದದಲ್ಲಿ ಬದುಕಿದ್ದಳು, ಬದುಕಿದವಳು ಕಾಗದದಲ್ಲಿ ಹುಟ್ಟೇ ಇರಲಿಲ್ಲ.

ಮುಂದಿನ ದಾರಿ ಮಾತ್ರ ಕಾಣುತ್ತಿತ್ತು. ಮರಣದ ದಾಖಲೆ ಇಲ್ಲದಿದ್ದರೆ ತಾಯಿಯ ಅಫಿಡವಿಟ್. ನನಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಒಂದೇ ಹೆಸರು, ಮೊದಲನೆಯವಳು ತೀರಿಕೊಂಡಳು, ಕಾರ್ಡು ಅವಳದು, ಈಕೆ ಎರಡನೆಯವಳು ಎಂದು ನೋಟರಿಯ ಎದುರು ಹೆಬ್ಬೆಟ್ಟು ಒತ್ತಬೇಕು. ಅದನ್ನಿಟ್ಟು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದರೆ ನಮ್ಮ ದೇಶದ ನಿಯಮದಂತೆ ಹದಿನೈದು ದಿನದೊಳಗೆ ಅವರು ತೀರ್ಮಾನ ಹೇಳಬೇಕು. ಇದನ್ನು ವಿವರಿಸಿ, ನಾಳೆ ಬನ್ನಿ ಎಂದೆ.

ಗಿಡ್ಡಮ್ಮ ಬರುವುದಿಲ್ಲ ಎಂದರು. ಸಿಟ್ಟಿನಿಂದಲ್ಲ. ಹೊಲಕ್ಕೆ ಹೋಗುವುದಿದೆ ಎನ್ನುವಷ್ಟೇ ಸಹಜವಾಗಿ ಹೇಳಿದರು.

ಮಗಳ ಬದುಕಿನ ಪ್ರಶ್ನೆ ಎಂದೆ. ಅವರು ಫೋಟೋದ ಕಡೆ ನೋಡಿದರು.

"ಅಕಿ ಹೋದಾಗ ಇಕಿ ನನ್ನ ಹೊಟ್ಟ್ಯಾಗ ಇದ್ಲು ಯವ್ವಾ. ಅಕಿ ಎಲ್ಲಿಗೂ ಹೋಗಿಲ್ಲ, ಒಳಗ ಹೋದ್ಲು, ಮತ್ತ ಬಂದ್ಲು. ನಮ್ಮತ್ತಿ ತಿಪ್ಪಮ್ಮ ಅಂತ ಹೆಸರಿಡು ಅಂದ್ಲು, ತಿಪ್ಪಿ ಮ್ಯಾಲಿನ ಕೂಸಿಗೆ ಕಣ್ಣು ಬೀಳೂದಿಲ್ಲ ಅಂತ. ನಾ ಕೇಳಲಿಲ್ಲ. ಇಕಿ ಅಪ್ಪ ಕದ್ದು ಕದ್ದು ತಿಪ್ಪಿ ಅಂತಿದ್ದ, ನಾ ಜಗಳಾಡ್ತಿದ್ದೆ. ಈಗ ಸತ್ತಾಳ ಅಂತ ಹೆಬ್ಬಟ್ಟು ಒತ್ತಿದ್ರ ಅಕಿ ಎಲ್ಲಿಗೆ ಹೋಗಬೇಕು?"

ಜಂಬಕ್ಕ ಅಂಗಳಕ್ಕೆ ಹೋಗಿ ಮೆಕ್ಕೆಜೋಳದ ನಡುವೆ ನಿಂತಳು. ನಾನು ಹೊರಡುವಾಗ ಬಸ್ಸಿನವರೆಗೂ ಬಂದಳು. ಬಸ್ಸು ಬಂದಾಗ ಒಂದೇ ಮಾತು ಕೇಳಿದಳು.

"ಅಕ್ಕಾರ, ಅವ್ವ ನನ್ನ ಕರದಾಗ ಯಾವಾಗಲೂ ಯಾರನ್ನ ಕರಿತಿದ್ಲು?"

ಆ ವಾರವೆಲ್ಲ ನನ್ನ ಕೆಲಸದಲ್ಲಿ ತಪ್ಪುಗಳಾದವು. ಒಬ್ಬರ ಅರ್ಜಿಗೆ ಇನ್ನೊಬ್ಬರ ಫೋಟೋ ಅಂಟಿಸಿ ಬೈಸಿಕೊಂಡೆ. ಮಾರೇಶನಿಗೆ ಫೋನ್ ಮಾಡಿ ಕಾರ್ಡನ್ನು ತೆಗೆಸಿದೆ. ಪಾಪ, ಅವನು ಅಳುವಂತಾಗಿದ್ದ. ಅಫಿಡವಿಟ್ ಇಲ್ಲದೆಯೇ ಇನ್ನೊಂದು ಸಲ ಪ್ರಯತ್ನಿಸೋಣ, ಈ ಸಲ ಮುಖದ ವೀಡಿಯೋವನ್ನೂ ಕೊಡೋಣ ಎಂದು ಜಂಬಕ್ಕನನ್ನು ಕರೆದೆ. ಗುರುತಿನ ಚೀಟಿಯನ್ನು ಬೇರೆಯವರು ಕಳಿಸಬಹುದು, ಕ್ಯಾಮೆರಾದ ಎದುರು ತಿರುಗುವ ಮುಖವನ್ನು ಕಳಿಸಲಾಗದು.

ಅವಳು ಬಂದಾಗ ಹಿಂದೆ ಗಿಡ್ಡಮ್ಮನವರೂ ಇದ್ದರು. ಬ್ಯಾಂಕಿಗೆಂದು ಪೇಟೆಗೆ ಬಂದವರು, ಬಿಸಿಲೆಂದು ಅಂಗಡಿಯಲ್ಲಿ ಕೂತರು. ನಾನು ಅಫಿಡವಿಟ್ಟಿನ ಮಾತು ಎತ್ತಲಿಲ್ಲ.

ಮುಖ ತೊಳೆದುಕೊಂಡು ಬಾ ಎಂದೆ ಜಂಬಕ್ಕನಿಗೆ. ಪೇಜಿನಲ್ಲಿ ಅವಳದೇ ಫೋಟೋಗಳಿಗೆಲ್ಲ ಬಣ್ಣವಿತ್ತು, ಆದರೆ ಗುರುತಿನ ಚೀಟಿಯ ಮುಖಕ್ಕೆ ಬಣ್ಣವಿರಲಿಲ್ಲ. ಹುಬ್ಬಿನ ಕಪ್ಪು, ತುಟಿಯ ಕೆಂಪು ಎಲ್ಲ ಹೋಗಿ ಒದ್ದೆ ಮುಖದಲ್ಲಿ ಬಂದು ಕೂತಳು. ಕೂದಲನ್ನು ಹಿಂದಕ್ಕೆ ಎಳೆದು ಕಟ್ಟಿಸಿದೆ. ಫೋನಿನ ಪರದೆಯಲ್ಲಿ ಒಂದು ಗುಂಡನೆಯ ಚೌಕಟ್ಟು. ಮುಖ ಅದರೊಳಗಿರಬೇಕು. ನೇರ ನೋಡಿ ಎಂದಿತು, ನೋಡಿದಳು. ಎಡಕ್ಕೆ ತಿರುಗಿ ಎಂದಿತು, ತಿರುಗಿದಳು. ನಿಧಾನವಾಗಿ ಬಲಕ್ಕೆ ತಿರುಗಿದಳು.

ಗಿಡ್ಡಮ್ಮ ಯಾವಾಗ ಎದ್ದು ಬಂದಿದ್ದರೋ ತಿಳಿಯಲಿಲ್ಲ. ಗುಂಡನೆಯ ಚೌಕಟ್ಟಿನೊಳಗೆ ಒಂದು ಒರಟು ಕೈ ಬಂದು ಮಗಳ ಎಡಗಿವಿಯನ್ನು ಮುಂದಕ್ಕೆ ಮಡಚಿ ಹಿಂದೆ ಮುಟ್ಟಿ ನೋಡಿತು. ಇನ್ನೊಮ್ಮೆ ಪ್ರಯತ್ನಿಸಿ ಎಂದಿತು ಫೋನು.

ಜಂಬಕ್ಕ ಅಲುಗಾಡಲಿಲ್ಲ. ಗಿಡ್ಡಮ್ಮ ಅಲ್ಲೇ ಬೆರಳಿಟ್ಟುಕೊಂಡು ನಿಂತಿದ್ದರು.

"ಇಲ್ಲಿ ಮಚ್ಚಿ ಇತ್ತು ಅಕಿಗೆ," ಎಂದರು. "ಹುಣಸಿ ಬೀಜದಷ್ಟು. ಇಕಿಗಿಲ್ಲ. ಹುಟ್ಟಿದ ದಿನಾನ ನೋಡಿದ್ದೆ."

ಹುಟ್ಟಿದ ದಿನವೇ ನೋಡಿ, ಬಟ್ಟೆ ಮುಚ್ಚಿ, ಇಷ್ಟು ವರ್ಷ ಆ ಕಿವಿಯ ಹಿಂದಕ್ಕೆ ನೋಡದೆ ತಲೆ ಬಾಚಿದ್ದರು ಆ ತಾಯಿ. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಅಕಿಗೆ ಬ್ಯಾರೆ ಫೋಟೋ ಇಲ್ಲವ್ವಾ," ಎಂದು ಮಗಳಿಗೆ ಹೇಳಿದರು, ತಪ್ಪು ಒಪ್ಪಿಕೊಳ್ಳುವವರ ದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ ಎಲ್ಲಿ ಒತ್ತಬೇಕು ಎಂದು ಕೇಳಿದರು.

ಮುಖದ ವೀಡಿಯೋ ಮತ್ತೆ ತೆಗೆದು ಮುಗಿಸಿ, ಛಾಪಾ ಕಾಗದ ತಂದು ಟೈಪು ಮಾಡಿ ಕೋರ್ಟಿನ ಎದುರಿನ ನೋಟರಿ ವಕೀಲರಲ್ಲಿಗೆ ಹೋದೆವು. ಅವರು ಕನ್ನಡಕ ಮೇಲೇರಿಸಿ ಎರಡು ಸಲ ಓದಿದರು. ಇಬ್ಬರಿಗೂ ಒಂದೇ ಹೆಸರಾದರೆ ಓದುವವರಿಗೆ ಯಾರು ಯಾರೆಂದು ತಿಳಿಯುವುದು ಹೇಗೆ, ಬದುಕಿರುವವಳಿಗೆ ಮನೆಯಲ್ಲಿ ಕರೆಯುವ ಹೆಸರೇನಾದರೂ ಇದೆಯೇ ಎಂದರು. ಜಂಬಕ್ಕ ಇಲ್ಲ ಎನ್ನಲು ಬಾಯಿ ತೆರೆದಳು.

"ತಿಪ್ಪಮ್ಮ ಅಂತ ಬರೀರಿ," ಎಂದರು ಗಿಡ್ಡಮ್ಮ. "ಅವರಪ್ಪ ಕರೀತಿದ್ದ."

ಆ ಸಂಜೆ ಬರೆದು ಕಳಿಸಿದ ಪತ್ರ ಈಗಲೂ ನನ್ನ ಕಂಪ್ಯೂಟರಿನಲ್ಲಿದೆ.

"ಕುಂದುಕೊರತೆ ಅಧಿಕಾರಿಗಳಿಗೆ. ವಿಷಯ: ನಿಧನ ಹೊಂದಿದ್ದೇನೆಂದು ತಪ್ಪಾಗಿ ನಿಷ್ಕ್ರಿಯಗೊಳಿಸಿದ ಖಾತೆಯನ್ನು ಮರಳಿ ತೆರೆಯುವ ಬಗ್ಗೆ. ಹಿಂದಿನ ಪ್ರಕರಣದ ಸಂಖ್ಯೆ, ಖಾತೆಯ ಲಿಂಕ್ ಮತ್ತು ನೋಂದಾಯಿತ ಫೋನ್ ನಂಬರ್ ಕೆಳಗಿವೆ.

ನಾನು ಜಂಬಕ್ಕ, ಮನೆಯಲ್ಲಿ ತಿಪ್ಪಮ್ಮ, ಚಿಗಟೇರಿ ಗ್ರಾಮ, ಹರಪನಹಳ್ಳಿ ತಾಲ್ಲೂಕು. ನಾನು ಬದುಕಿದ್ದೇನೆ. ನಿಮಗೆ ಪುರಾವೆಯಾಗಿ ಬಂದಿರುವ ಸ್ಮರಣೆಯ ಕಾರ್ಡು ನನ್ನ ಅಕ್ಕನದು. ಅವಳ ಹೆಸರೂ ಜಂಬಕ್ಕ. ನಾನು ಹುಟ್ಟುವ ಮೊದಲೇ, ಎರಡು ವರ್ಷದವಳಿದ್ದಾಗ ಅವಳು ತೀರಿಕೊಂಡಳು. ಅವಳ ಹೆಸರನ್ನೇ ನನಗೆ ಇಟ್ಟರು. ಅವಳ ಫೋಟೋ ಇಲ್ಲದ್ದರಿಂದ ಕಾರ್ಡಿನಲ್ಲಿ ನನ್ನ ಬಾಲ್ಯದ ಫೋಟೋ ಬಳಸಿದ್ದಾರೆ. ಕಾರ್ಡಿನಲ್ಲಿರುವ ಜನ್ಮ ದಿನಾಂಕ ಅವಳದು. ಶಾಲೆಗೆ ಸೇರಿಸುವಾಗ ಅವಳ ಜನನ ಪತ್ರ ಕೊಟ್ಟಿದ್ದರಿಂದ ನನ್ನ ಎಲ್ಲ ಗುರುತಿನ ಚೀಟಿಗಳಲ್ಲೂ, ಈ ಖಾತೆಯಲ್ಲೂ ಅದೇ ದಿನಾಂಕವಿದೆ. ಆದ್ದರಿಂದಲೇ ವಿವರಗಳು ಹೊಂದಿದವು. ಅಕ್ಕನ ಮರಣ ನೋಂದಣಿಯಾಗಿಲ್ಲ.

ಪುರಾವೆಗಳು: ಸಂಖ್ಯೆ ಮರೆಮಾಡಿದ ಆಧಾರ್, ಮತದಾರರ ಚೀಟಿ, ನನ್ನ ಮುಖದ ವೀಡಿಯೋ, ನಮ್ಮ ತಾಯಿಯ ಪ್ರಮಾಣಿತ ಹೇಳಿಕೆ. ಕಾರ್ಡು ಹಾಕಿದವರು ಅದನ್ನು ತೆಗೆದಿದ್ದಾರೆ. ಸ್ಮರಣಾರ್ಥ ಎಂಬುದನ್ನು ತೆಗೆದು ನನ್ನ ಖಾತೆಯನ್ನು ನನಗೆ ಮರಳಿ ಕೊಡಬೇಕಾಗಿ ಕೋರುತ್ತೇನೆ."

ಜಂಬಕ್ಕ ಅದನ್ನು ಜೋರಾಗಿ ಓದಿಕೊಂಡಳು. 'ನನ್ನ ಅಕ್ಕನದು' ಎಂಬಲ್ಲಿ ನಿಂತು ಮತ್ತೆ ಓದಿದಳು. ಕಳಿಸುವ ಗುಂಡಿಯನ್ನು ಅವಳಿಂದಲೇ ಒತ್ತಿಸಿದೆ.

ಮರುದಿನ ಸ್ವೀಕೃತಿ ಬಂತು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ನಾನು ಯಾರಿಗೋ ಬೈಯುತ್ತಿರುವಾಗ ಅವಳ ಫೋನು ಬಂತು. ತೆರೀತ್ರಿ ಅಕ್ಕಾರ ಎಂದಳು, ಅಷ್ಟೇ. ತೊಳೆದ ಮುಖದ ಒಂದು ವೀಡಿಯೋ ಹಾಕಿ, ನಾನು ಬದುಕಿದ್ದೇನೆ, ನೀವು ಅತ್ತದ್ದು ನಮ್ಮ ಅಕ್ಕನಿಗೆ ಸಂದಿದೆ ಎಂದಿದ್ದಳು. ತೆಲಿಗಿಯ ಆ ಅತ್ತೆ ಮರಳಿ ಕರೆಯಲಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯವರು ಕರೆದರು. ವರ್ಷ ಹೇಗೋ ದಾಟಿತು. ಹುಟ್ಟಿದ ದಿನ ಬದಲಿಸಲು ಬೇಕಾದ ಕಾಗದ ಅವಳಿಗಿಲ್ಲ, ಹಾಗಾಗಿ ಆಗಸ್ಟ್ ಒಂಬತ್ತು ಅವಳ ಜೊತೆಗೇ ಇದೆ.

ಮುಂದಿನ ಮಹಾಲಯಕ್ಕೆ, ನಮ್ಮ ಕಡೆಯ ಮಾರ್ನಮಿ ಅಮಾವಾಸ್ಯೆಗೆ, ನನ್ನನ್ನು ಊಟಕ್ಕೆ ಕರೆದರು. ಜಗಲಿಯ ಪಕ್ಕದಲ್ಲಿ ಅದೇ ಕಟ್ಟು ತೂಗುತ್ತಿತ್ತು, ಹೊಸ ಹಾರ, ಹೊಸ ಕುಂಕುಮ. ಫೋಟೋ ಇರಲಿಲ್ಲ. ಗಾಜು, ಅದರ ಹಿಂದೆ ಕಪ್ಪು ರಟ್ಟು, ಅಷ್ಟೇ. ಕೆಳಗೆ ಎಡೆಯ ಪಕ್ಕ ಮಡಚಿಟ್ಟ ಒಂದು ಸಣ್ಣ ಲಂಗ. ಅಂಗನವಾಡಿಯ ಫೋಟೋ ಎದುರಿನ ಗೋಡೆಯಲ್ಲಿತ್ತು, ಹಾರವಿಲ್ಲದೆ, ಅಪ್ಪನ ಫೋಟೋದ ಮಗ್ಗುಲಲ್ಲಿ.

ಕೈ ಮುಗಿಯಲು ಬಗ್ಗಿದೆ. ಕಪ್ಪು ಗಾಜಿನಲ್ಲಿ, ಹಾರದ ನಡುವೆ, ನನ್ನ ಮುಖ ಕಂಡಿತು. ತಟ್ಟನೆ ಪಕ್ಕಕ್ಕೆ ಸರಿದೆ. ಗಾಜು ಬರಿದಾಯಿತು. ಹಿಂದಿನಿಂದ ಹೋಳಿಗೆಯ ತಟ್ಟೆ ಹಿಡಿದು ಬಂದ ಜಂಬಕ್ಕ ನೇರ ಹೋಗಲಿಲ್ಲ. ಗೋಡೆಗೆ ಒತ್ತಿಕೊಂಡು ನಿಂತು, ಗಾಜಿನಲ್ಲಿ ತನ್ನ ಮುಖ ಮೂಡದ ಹಾಗೆ ಕೈಯನ್ನಷ್ಟೇ ಚಾಚಿ ತಟ್ಟೆಯಿಟ್ಟಳು. ಅದು ಅವಳಿಗೆ ರೂಢಿಯಾಗಿತ್ತು.

"ತಿಪ್ಪಿ, ದೀಪ ಹಚ್ಚವ್ವ," ಎಂದರು ಗಿಡ್ಡಮ್ಮ ಒಲೆಯ ಕಡೆಯಿಂದ. "ಅಕ್ಕಗ ಹಸಿವಾಗಿರತೈತಿ."

ಅವಳು ಕಡ್ಡಿ ಗೀರಿದಳು.